ಇಪ್ಪತ್ತು ರೂಪಾಯಿಯ ಗ್ರೀನ್

ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವ 29ರ ಹುಡುಗ. ಮಂಜು ಅಂತಿಟ್ಟುಕೊಳ್ಳಿ, ಹೆಸರು, ವಿವರ ಬದಲಿಸಿದ್ದೇನೆ. ತುಮಕೂರಿನ ನನ್ನ ಆಪ್ತಸಮಾಲೋಚನೆ ಕೋಣೆಗೆ ಅವನನ್ನು ಕರೆತಂದಿದ್ದು ಅವನ ಅಕ್ಕ. ಚೀಟಿ ಎತ್ತಿದ ದುಡ್ಡು ಕಾಣೆಯಾಗಿತ್ತು.

"ಮೇಡಂ, ನಾನು ಜೂಜಾಡಲ್ಲ. ಟ್ರೇಡ್ ಮಾಡ್ತೀನಿ" ಎಂದ. ಮೊದಲ ದಿನ ನಾನು ಜೂಜಿನ ಕೆಡುಕಿನ ಬಗ್ಗೆ ಮಾತಾಡಿ ತಪ್ಪು ಮಾಡಿದೆ. ಅವನು ಕಿಟಕಿ ನೋಡುತ್ತಾ ಕೂತ. ಮುಂದಿನ ವಾರ ಒಂದು ಬಿಳಿ ಹಾಳೆ ಕೊಟ್ಟು, "ನೀನು ಮಾಡೋದನ್ನ ನನಗೆ ಕಲಿಸು" ಎಂದೆ. ಆಗ ಬಾಯಿ ಬಿಟ್ಟ.

ಅವನದು ಬೆಟ್ಟಿಂಗ್ ಎಕ್ಸ್‌ಚೇಂಜ್, ಕ್ರಿಕೆಟ್ ಪಂದ್ಯದ ಮೇಲೆ ಜನ ತಮ್ಮತಮ್ಮಲ್ಲೇ ಬಾಜಿ ಕಟ್ಟುವ ಜಾಗ. ಅಲ್ಲಿ ತಂಡ ಗೆಲ್ಲುತ್ತೆ ಅಂತ ಹಾಕುವುದು ಬ್ಯಾಕ್, ಗೆಲ್ಲಲ್ಲ ಅಂತ ಹಾಕುವುದು ಲೇ. ದರ 1.90 ಅಂದರೆ, ತಂಡ ಗೆದ್ದರೆ ಹಾಕಿದ ಒಂದು ರೂಪಾಯಿಗೆ 1.90 ವಾಪಸ್. 1.90ಕ್ಕೆ 2,000 ರೂಪಾಯಿ ಬ್ಯಾಕ್ ಮಾಡಿ, ದರ ಎರಡು ಟಿಕ್, ಅಂದರೆ ಎರಡು ಮೆಟ್ಟಿಲು, ಇಳಿದು 1.88 ಆದಾಗ ಲೇ ಮಾಡುತ್ತಾನೆ. ಎಷ್ಟಕ್ಕೆ? 2,000ವನ್ನು 1.90ರಿಂದ ಗುಣಿಸಿ 1.88ರಿಂದ ಭಾಗಿಸಿದರೆ 2,021. ಈಗ ಯಾರು ಗೆದ್ದರೂ 21 ರೂಪಾಯಿ ಸಿಗುತ್ತದೆ. ಎರಡೂ ಕಡೆ ಹಸಿರು ಅಂಕಿ, ಅದಕ್ಕೇ ಗ್ರೀನ್-ಅಪ್. ಶೇ. 5ರಷ್ಟು ಕಮಿಷನ್ ಕಳೆದರೆ 20. ಲೆಕ್ಕದಲ್ಲಿ ತಪ್ಪಿಲ್ಲ, ಹುಡುಗ ಜಾಣ.

"ಆ 1.90 ನಿನಗೆ ಹೇಗೆ ಸಿಗುತ್ತೆ?" ಎಂದೆ. ಇದನ್ನು ಅವನನ್ನು ಯಾರೂ ಕೇಳಿರಲಿಲ್ಲ.

ಒಂದೊಂದು ದರಕ್ಕೂ ಒಂದೊಂದು ಸಾಲು ಇರುತ್ತದೆ. ಮೊದಲು ಹಾಕಿದವರಿಗೆ ಮೊದಲು. 1.90ರಲ್ಲಿ ಇವನಿಗಿಂತ ಮುಂದೆ 60,000 ರೂಪಾಯಿ ಕಾಯುತ್ತಿದ್ದರೆ, ಅಷ್ಟಕ್ಕೂ ಎದುರು ಬಾಜಿ ಸಿಕ್ಕ ಮೇಲೆ ಇವನ ಸರದಿ. ಬೇಸತ್ತು ದರ ಬದಲಿಸಿದರೆ ಹೊಸ ಸಾಲಿನ ಕೊನೆಗೆ. ಅವನು ಆಡುತ್ತಿದ್ದದ್ದು ಸಣ್ಣ ಲೀಗ್‌ಗಳ ಪಂದ್ಯ. ಅಲ್ಲಿ ವ್ಯವಹಾರವೇ ಕಮ್ಮಿ, ಸಾಲು ಆಮೆ ಹಾಗೆ ಸಾಗುತ್ತದೆ. ದರ ಇವನಿಗೆ ಬೇಕಾದಂತೆ ಇಳಿದರೆ ಸಾಲು ಕರಗುವ ಮೊದಲೇ ಹೊರಟುಹೋಗುತ್ತದೆ, ಇವನಿಗೆ ಏನೂ ಸಿಕ್ಕಿರುವುದಿಲ್ಲ. ಸಾಲು ಪೂರ್ತಿ ಕರಗಿ ಕೊನೆಯವನಾದ ಇವನಿಗೂ ಸಿಕ್ಕಿತು ಅಂದರೆ, ಎದುರಿನಿಂದ ದೊಡ್ಡ ದುಡ್ಡು ಬಂದು ದರ ಮೇಲೇರುತ್ತಿದೆ ಅಂತ. ಹೀಗಾಗಿ ಒಳ್ಳೆಯ ಟ್ರೇಡ್‌ಗಳು ತಪ್ಪಿಹೋಗಿ, ಕೆಟ್ಟವು ಮಾತ್ರ ತಪ್ಪದೆ ಸಿಗುತ್ತಿದ್ದವು.

ಮಂಜು ಪೆನ್ ಕೆಳಗಿಟ್ಟ. "ಅದಕ್ಕೇನಾ ಸಿಕ್ಕಿದ ಕೂಡಲೇ ತಿರುಗಿ ಬೀಳ್ತಿತ್ತು?"

ಆಮೇಲೆ ವಿಕೆಟ್. 1.90ಕ್ಕೆ ಬ್ಯಾಕ್ ಮಾಡಿದ ತಂಡದ ವಿಕೆಟ್ ಬಿದ್ದಾಗ ಮಾರುಕಟ್ಟೆ ನಿಲ್ಲುತ್ತದೆ, ತೆರೆದಾಗ ದರ 2.30. ಮಧ್ಯದ ದರಗಳಲ್ಲಿ ಹೊರಬೀಳಲು ಅವಕಾಶವೇ ಇಲ್ಲ. ಅಲ್ಲಿ 1,652 ರೂಪಾಯಿ ಲೇ ಮಾಡಿದರೆ ಎರಡೂ ಕಡೆ 348 ನಷ್ಟ. ಅಂದರೆ ಹದಿನೇಳು ಗ್ರೀನ್ ಒಂದೇ ಎಸೆತಕ್ಕೆ ಹೋಯಿತು. ಅದೂ 2.30ರಲ್ಲಿ ಅಷ್ಟು ದುಡ್ಡು ನಿಂತಿದ್ದರೆ. ತೆಳು ಮಾರುಕಟ್ಟೆಯಲ್ಲಿ ಅಲ್ಲಿ 400 ಇರುತ್ತದೆ, ಮಿಕ್ಕದ್ದಕ್ಕೆ ಇನ್ನೂ ಮೇಲಿನ ದರ ತೆರಬೇಕು. ಇವನ ಫೋನಿಗೆ ಬರುವ ಚಿತ್ರವೂ ಮೈದಾನಕ್ಕಿಂತ ಕೆಲವು ಸೆಕೆಂಡು ಹಿಂದೆ.

ಮೂರು ವಾರದ ಖಾತೆ ತೆಗೆಸಿದೆ. 68ರಲ್ಲಿ 62 ಗೆಲುವು, ಒಟ್ಟು 1,240 ರೂಪಾಯಿ. ಇದನ್ನೇ ಅಕ್ಕನಿಗೆ ತೋರಿಸುತ್ತಿದ್ದದ್ದು. ಉಳಿದ ಆರರಲ್ಲಿ ನಾಲ್ಕನ್ನು ಸುಮಾರು 350ಕ್ಕೆ ಕತ್ತರಿಸಿದ್ದ. ಎರಡನ್ನು ಕತ್ತರಿಸಿರಲಿಲ್ಲ, "ವಾಪಸ್ ಬರುತ್ತೆ" ಅಂತ ಪಂದ್ಯದ ಕೊನೆವರೆಗೆ ಬಿಟ್ಟಿದ್ದ, 4,000 ಪೂರ್ತಿ ಹೋಗಿತ್ತು. ಗೆದ್ದದ್ದನ್ನು ಕಳೆದರೂ ನಷ್ಟ 4,160. ಆ ಎರಡು ಸಾಲಿನ ಮೇಲೆ ಬೆರಳಿಟ್ಟು, "ಇವು ಟ್ರೇಡಾ?" ಎಂದೆ. "ಇಲ್ಲ ಮೇಡಂ. ಇವು ಬೆಟ್ಟು." ಮುಂದಿನ ತಿಂಗಳು ಅದೇ ನಷ್ಟ ತುಂಬಲು ಮೊತ್ತವನ್ನು ಹತ್ತು ಪಟ್ಟು ಮಾಡಿದ್ದ. ಚೀಟಿ ದುಡ್ಡು ಹೋದದ್ದು ಹಾಗೆ.

ಸಲಹೆ. ವಿಧಾನ ಸುಧಾರಿಸುವ ಮಾತು ನಾನು ಆಡಲಿಲ್ಲ. ಅವನು ಕೇಳಿದ್ದು ಅದನ್ನೇ: ಸಾಲಿನಲ್ಲಿ ಮುಂದೆ ನಿಲ್ಲೋದು ಹೇಗೆ? ಮಿಲಿಸೆಕೆಂಡಿನಲ್ಲಿ ಆರ್ಡರ್ ಹಾಕುವ ಸಾಫ್ಟ್‌ವೇರ್‌ಗಳ ಮುಂದೆ ಬೆರಳಿಂದ ಆಗಲ್ಲ ಎಂದೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನೇ ನಿಷೇಧಿಸಿದೆ. ಇವನ ಖಾತೆ ಏಜೆಂಟ್ ಒಬ್ಬ ವಾಟ್ಸಾಪ್‌ನಲ್ಲಿ ಕೊಟ್ಟದ್ದು. ಆ ಮನುಷ್ಯ ನಂಬರ್ ಬದಲಿಸಿದರೆ ಮುಗಿಯಿತು. ಉಳಿದ ದುಡ್ಡು ಅಂದೇ ತೆಗೆದು, ಏಜೆಂಟ್‌ನನ್ನು ಬ್ಲಾಕ್ ಮಾಡಿಸಿದೆವು. ಸಂಬಳದ ಖಾತೆ ಆರು ತಿಂಗಳು ಅಕ್ಕನ ಕೈಲಿ, ಮಂಜುವಿಗೆ ವಾರದ ಖರ್ಚು ಮಾತ್ರ. ಸಾಲವನ್ನು ಮನೆಯವರ ಮುಂದೆ ಪೂರ್ತಿ ಬರೆದ. ಭಾವನಿಗೆ ಗೊತ್ತಾಗದ ಒಂದು ಕೈಸಾಲ ಆಗ ಹೊರಬಂತು. ರಾತ್ರಿ ತಡೆಯಲಾಗದಿದ್ದರೆ ಟೆಲಿ ಮನಸ್ ಸಹಾಯವಾಣಿ, 14416. ನಿದ್ದೆ ಕೆಟ್ಟಿದ್ದರಿಂದ ಮನೋವೈದ್ಯರಿಗೂ ಕಳಿಸಿದೆ.

ಆರನೇ ವಾರ ಒಬ್ಬನೇ ಬಂದ. ಹಿಂದಿನ ರಾತ್ರಿ ಗೆಳೆಯನ ಫೋನಿನಲ್ಲಿ ಹತ್ತು ನಿಮಿಷ ದರ ನೋಡಿದ್ದನಂತೆ, ದುಡ್ಡು ಹಾಕಿಲ್ಲ. "1.74ರಲ್ಲಿ ಸಾಲು ಕರಗ್ತಾ ಇತ್ತು ಮೇಡಂ. ಕೈ ಬೆವರಿತು." ಅಕ್ಕನಿಗೆ ಹೇಳಿದೆಯಾ ಎಂದೆ. ಇನ್ನೂ ಇಲ್ಲ ಎಂದ. ನನ್ನ ಕೋಣೆಯಿಂದಲೇ ಫೋನ್ ಮಾಡಿದ.