ರೇಡಿಯೊದಲ್ಲಿ 22 ವಿಷಯ ಓದಬೇಡಿ, ಒಂದು ಆಲೂಗೆಡ್ಡೆ ಕೊಯ್ಯಿರಿ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ವಿಜ್ಞಾನ ವಸ್ತುಪ್ರದರ್ಶನಕ್ಕೆ ವಿಷಯ ಆರಿಸಿಕೊಳ್ಳೋದು ಹೇಗೆ ಅಂತ ಶಾಲಾ ಮಕ್ಕಳಿಗೆ ರೇಡಿಯೊದಲ್ಲಿ 10 ನಿಮಿಷ ಮಾತಾಡಬೇಕಿದೆ. 22 ವಿಷಯಗಳ ಪಟ್ಟಿ ಮಾಡಿಟ್ಟುಕೊಂಡಿದ್ದೇನೆ. ಒಂದೊಂದಕ್ಕೂ ಎರಡು ಸಾಲು ವಿವರಣೆ ಬರೆದು ಓದಿದರೆ ಸಾಕಾ? ಹಿಂದೆಂದೂ ರೇಡಿಯೊಗೆ ಬರೆದವಳಲ್ಲ.
— ವಿಜ್ಞಾನ ಶಿಕ್ಷಕಿ, ಆಲೂರು ತಾಲ್ಲೂಕು

ಉತ್ತರ: ಮೇಡಂ, ಆ ಪಟ್ಟಿಯನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿ. ರೇಡಿಯೊಗೆ ತರಬೇಡಿ. ಓದುವವರು ಪಟ್ಟಿಯ ಮೇಲೆ ಮತ್ತೆ ಕಣ್ಣಾಡಿಸಬಹುದು. ಕೇಳುವವರಿಗೆ ಅದು ಆಗಲ್ಲ. ಏಳನೇ ವಿಷಯ ಬರುವ ಹೊತ್ತಿಗೆ ಮೊದಲ ಆರು ಮರೆತುಹೋಗಿರುತ್ತವೆ. ಕೊನೆಗೆ ನೆನಪಲ್ಲಿ ಉಳಿಯೋದು ಮೊದಲೇ ಗೊತ್ತಿದ್ದ ಒಂದೇ ಒಂದು: ಜ್ವಾಲಾಮುಖಿ. ಅಡುಗೆ ಸೋಡಾ, ವಿನೆಗರ್, ಒಂದಿಷ್ಟು ಕೆಂಪು ಬಣ್ಣ. ಪ್ರದರ್ಶನದ ಹಾಲ್‌ನಲ್ಲಿ ಅಂಥವು ಸಾಲಾಗಿ ಉಕ್ಕುತ್ತಿರುತ್ತವೆ. ಅದರ ಪಕ್ಕದಲ್ಲಿ ಥರ್ಮೋಕೋಲಿನ ಹೇಮಾವತಿ ಅಣೆಕಟ್ಟು ಬೇರೆ.

ಇವು ಮಾದರಿಗಳು. ಮಾಡೋದು ತಪ್ಪಲ್ಲ. ಆದರೆ ಅಣೆಕಟ್ಟಿನ ಮಾದರಿ ಮಾಡಿದ ಹುಡುಗನಿಗೆ ಅದು ಹೇಗೆ ಕೆಲಸ ಮಾಡುತ್ತೆ ಅನ್ನೋದು ಮೊದಲೇ ಗೊತ್ತಿತ್ತು. ಹೊಸದಾಗಿ ಅವನು ಕಂಡುಕೊಂಡದ್ದು ಏನೂ ಇಲ್ಲ. ನಿಮ್ಮ 10 ನಿಮಿಷದಲ್ಲಿ ಮಕ್ಕಳ ಕಿವಿಗೆ ಒಂದೇ ಮಾತು ಬೀಳಲಿ: ವಿಷಯ ಅಂದರೆ ಹೆಸರಲ್ಲ, ಪ್ರಶ್ನೆ. ಅದರ ಉತ್ತರವನ್ನು ಎಣಿಸೋಕೆ ಬರಬೇಕು. ಉತ್ತರ ‘ಇಲ್ಲ’ ಅಂತಲೂ ಬರುವ ಸಾಧ್ಯತೆ ಇರಬೇಕು. ಇದನ್ನು ಹೀಗೆ ನಿಯಮದ ಥರ ಹೇಳಿದರೆ ಮಕ್ಕಳಿಗೆ ಹತ್ತಲ್ಲ. ಒಂದು ಹೆಸರು ಹೇಗೆ ಪ್ರಶ್ನೆಯಾಗುತ್ತೆ ಅಂತ ಅವರ ಎದುರಿಗೇ ನಡೆಸಿ ತೋರಿಸಬೇಕು.

ನಮ್ಮ ಜಿಲ್ಲೆಗೆ ಆಲೂಗೆಡ್ಡೆಗಿಂತ ಒಳ್ಳೆ ಉದಾಹರಣೆ ಬೇಕಾ? ಜಲಂಧರ್ ಕಡೆಯಿಂದ ಲಾರಿಗಳಲ್ಲಿ ಬಿತ್ತನೆ ಗೆಡ್ಡೆ ಬರೋದನ್ನು ಮಕ್ಕಳು ನೋಡಿದ್ದಾರೆ. ಮನೆಯಲ್ಲಿ ಗೆಡ್ಡೆ ಕೊಯ್ದು ನಾಟಿ ಮಾಡೋದನ್ನೂ ನೋಡಿದ್ದಾರೆ. ಮಾತು ಹೀಗೆ ಶುರು ಮಾಡಬಹುದು:

“ಮಕ್ಕಳೇ, ಈ ಸದ್ದು ಕೇಳಿಸಿತಾ? (ಮೈಕ್ ಹತ್ತಿರ ಆಲೂಗೆಡ್ಡೆ ಕೊಯ್ಯುವ ಸದ್ದು.) ಇನ್ನೊಂದ್ಸಲ ಕೇಳಿ. ಹೌದು, ಆಲೂಗೆಡ್ಡೆ. ಬಿತ್ತೋಕೆ ಮುಂಚೆ ನಿಮ್ಮನೇಲೂ ಹೀಗೇ ಕೊಯ್ಯುತ್ತಾರೆ ಅಲ್ವಾ? ಕೊಯ್ದ ತುಂಡಿಗೆ ಒಲೆ ಬೂದಿ ಹಚ್ಚಿದರೆ ಕೊಳೆಯಲ್ಲ ಅಂತ ಕೆಲವರು ಹೇಳುತ್ತಾರೆ. ನಿಜಾನಾ?”

ಇಲ್ಲಿಗೆ ಅರ್ಧ ನಿಮಿಷ ಆಯಿತು. ವಿಜ್ಞಾನ ಅನ್ನೋ ಪದ ಇನ್ನೂ ಬಂದಿಲ್ಲ, ಬರದಿದ್ದರೂ ಪರವಾಗಿಲ್ಲ.

ಆಮೇಲೆ ಒಬ್ಬ ಹುಡುಗಿಯನ್ನು ಮಾತಿಗೆ ಕರೆತನ್ನಿ. ಅವಳು ಮೊದಲು ‘ಸಾವಯವ ಕೃಷಿ’ ಅಂತ ಬರೆದುಕೊಂಡು ಬರಲಿ. ಇದು ಹೆಸರು, ಇದರಲ್ಲಿ ಏನು ಮಾಡಬೇಕು ಅಂತ ತಿಳಿಯಲ್ಲ. ಎರಡನೇ ಸಲ ‘ಬೂದಿಯ ಉಪಯೋಗಗಳು’ ಅಂತ ತರಲಿ. ಚಿಕ್ಕದಾಯಿತು, ಆದರೆ ಇದೂ ಹೆಸರೇ. ಚಾರ್ಟ್ ಬರೆಯಬಹುದು ಅಷ್ಟೆ. ಮೂರನೇ ಸಲ: ‘ಕೊಯ್ದ ಆಲೂಗೆಡ್ಡೆಗೆ ಬೂದಿ ಹಚ್ಚಿ ಒದ್ದೆ ಮಣ್ಣಲ್ಲಿಟ್ಟರೆ, ಹಚ್ಚದೆ ಇಟ್ಟದ್ದಕ್ಕಿಂತ ಕಡಿಮೆ ತುಂಡು ಕೊಳೆಯುತ್ತವಾ?’ ಈಗ ಏನು ಮಾಡಬೇಕು, ಏನು ಎಣಿಸಬೇಕು ಅನ್ನೋದು ಪ್ರಶ್ನೆಯಲ್ಲೇ ಇದೆ. ಈ ಮೂರನ್ನೂ ರೇಡಿಯೊದಲ್ಲಿ ನಿಧಾನವಾಗಿ, ಎರಡೆರಡು ಸಲ ಹೇಳಿ. ಇಡೀ ಮಾತಿನ ತಿರುಳು ಇಲ್ಲೇ ಇರೋದು.

ಮುಂದಿನ ನಾಲ್ಕೈದು ನಿಮಿಷ ಅವಳು ಏನು ಮಾಡಿದಳು ಅನ್ನೋದಕ್ಕೆ ಕೊಡಿ. ಇಷ್ಟೊಂದು ಸಮಯ ಯಾಕೆ ಅಂದರೆ, ವಿಷಯ ಒಳ್ಳೇದಾ ಕೆಟ್ಟದ್ದಾ ಅನ್ನೋದು ಮಾಡೋಕೆ ಕೂತಾಗಲೇ ಗೊತ್ತಾಗೋದು. 10 ಗೆಡ್ಡೆ ಸಾಕು. ಪ್ರತಿಯೊಂದನ್ನೂ ಉದ್ದಕ್ಕೆ ಎರಡು ಹೋಳು ಮಾಡಬೇಕು. ಉದ್ದಕ್ಕೇ ಯಾಕೆ? ಗೆಡ್ಡೆಯ ಕಣ್ಣುಗಳು ಒಂದು ತುದಿಯಲ್ಲಿ ಜಾಸ್ತಿ ಇರುತ್ತವೆ. ಅಡ್ಡ ಕೊಯ್ದರೆ ಎರಡು ಹೋಳು ಒಂದೇ ಥರ ಇರಲ್ಲ. ಒಂದು ಹೋಳಿಗೆ ಬೂದಿ, ಇನ್ನೊಂದಕ್ಕೆ ಏನೂ ಇಲ್ಲ. ಯಾವುದಕ್ಕೆ ಬೂದಿ ಅನ್ನೋದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಲಿ. ಇಲ್ಲದಿದ್ದರೆ ಚೆನ್ನಾಗಿ ಕಾಣೋ ಹೋಳಿಗೇ ಕೈ ಹೋಗುತ್ತೆ. ಐಸ್‌ಕ್ರೀಮ್ ಕಡ್ಡಿಗಳ ಮೇಲೆ 1ರಿಂದ 10ರವರೆಗೆ ಬರೆದು ಎರಡೂ ಕಡೆ ಹೋಳಿನ ಪಕ್ಕ ಚುಚ್ಚಬೇಕು.

ಅರ್ಧಕ್ಕರ್ಧ ಮಾಡೋದರ ಉಪಾಯ ಮಕ್ಕಳಿಗೆ ತುಂಬ ಹಿಡಿಸುತ್ತೆ, ಬಿಡಿಸಿ ಹೇಳಿ. ಹತ್ತು ಗೆಡ್ಡೆಗೆ ಬೂದಿ ಹಚ್ಚಿ ಬೇರೆ ಹತ್ತನ್ನು ಹಾಗೇ ಇಟ್ಟರೆ, ಒಂದು ಗುಂಪಿನಲ್ಲಿ ಮೊದಲೇ ಏಟು ಬಿದ್ದ ಗೆಡ್ಡೆ ಜಾಸ್ತಿ ಇರಬಹುದು. ಒಂದೇ ಗೆಡ್ಡೆಯ ಎರಡು ಹೋಳಾದರೆ ರೋಗ ಇದ್ದರೆ ಎರಡರಲ್ಲೂ ಇರುವ ಸಾಧ್ಯತೆ ಜಾಸ್ತಿ. ಚಾಕುವಿನ ಕೊಳೆಯೂ ಅಷ್ಟೆ. ಒಂದೇ ಕೊಯ್ತಕ್ಕೆ ಎರಡೂ ಮುಖ ಬಂದಿರೋದು.

ಒಂದೇ ಅಳತೆಯ ಎರಡು ಹಳೇ ಟಬ್, ತಳದಲ್ಲಿ ತೂತು. ಎರಡಕ್ಕೂ ಒಂದೇ ಜಾಗದ ಮಣ್ಣು. ಬೂದಿ ಹೋಳುಗಳು ಒಂದರಲ್ಲಿ, ಬರೀ ಹೋಳುಗಳು ಇನ್ನೊಂದರಲ್ಲಿ. ಒಂದೇ ಟಬ್‌ನಲ್ಲಿಟ್ಟರೆ ಬೂದಿ ನೀರಿನ ಜೊತೆ ಪಕ್ಕದ ಹೋಳಿಗೂ ಹೋಗುತ್ತೆ. ದಿನಾ ಎರಡಕ್ಕೂ ಅದೇ ಲೋಟದಲ್ಲಿ ಅಷ್ಟೇ ನೀರು, ದಿನಾ ಟಬ್‌ಗಳ ಜಾಗ ಅದಲು ಬದಲು. 12ನೇ ದಿನ ಅಗೆದು ನೋಡೋದು.

ಕೊಳೆತಿದೆ ಅಂತ ಹೇಳೋದು ಹೇಗೆ? ಇದನ್ನು ಮೊದಲನೇ ದಿನವೇ ಪುಸ್ತಕದಲ್ಲಿ ಬರೆದಿಡಬೇಕು. ‘ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ಒತ್ತಿದರೆ ಒಳಗೆ ಇಳಿದರೆ ಕೊಳೆತಿದೆ’ ಅಂತಿಟ್ಟುಕೊಳ್ಳಿ. ಆಮೇಲೆ ನಿರ್ಧರಿಸಿದರೆ ನಮಗೆ ಬೇಕಾದ ಕಡೆಗೆ ವಾಲುತ್ತೇವೆ, ದೊಡ್ಡವರೂ ಅಷ್ಟೇ. ಒತ್ತುವ ಹುಡುಗನಿಗೆ ಯಾವುದು ಬೂದಿಯದ್ದು ಅಂತ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೇದು. ಹೋಳು ತೊಳೆದು ಗೆಳತಿಯೊಬ್ಬಳು ಕೈಗೆ ಕೊಡಲಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ತೂಕ ನೋಡಬಾರದಾ ಅಂತ ಯಾರಾದರೂ ಕೇಳುತ್ತಾರೆ. ಇದನ್ನೂ ಮಾತಿನಲ್ಲಿ ಸೇರಿಸಿ, ವಿಷಯ ಎಲ್ಲಿ ಕೈಕೊಡುತ್ತೆ ಅಂತ ತೋರಿಸೋಕೆ ಚೆನ್ನಾಗಿದೆ. ಹೋಳಿಗೆ ಹಚ್ಚಿದ ಬೂದಿಗೂ ತೂಕ ಇದೆ. ಅದು ನೀರಿನಲ್ಲಿ ಉದುರಿಹೋದರೆ ತೂಕ ಇಳಿಯುತ್ತೆ. ಇಳಿದದ್ದು ಆಲೂಗೆಡ್ಡೆಯೋ ಬೂದಿಯೋ ತಕ್ಕಡಿ ಹೇಳಲ್ಲ. ಅದಕ್ಕೇ ಈ ಪ್ರಶ್ನೆಗೆ ಎಣಿಕೆಯೇ ಸರಿ.

ಇನ್ನೊಂದು ಕಡೆ ಇದು ಕೆಡುತ್ತೆ. ಮಣ್ಣು ಒಣಗಿದ್ದರೆ ಎರಡೂ ಟಬ್‌ನಲ್ಲಿ ಒಂದೂ ಕೊಳೆಯದೆ ಇರಬಹುದು. ಕೆಸರಾಗಿದ್ದರೆ ಎಲ್ಲವೂ ಕೊಳೆಯಬಹುದು. ಸೊನ್ನೆಗೆ ಸೊನ್ನೆ, ಹತ್ತಕ್ಕೆ ಹತ್ತು. ಎರಡರಿಂದಲೂ ಬೂದಿಯ ಬಗ್ಗೆ ಏನೂ ತಿಳಿಯಲ್ಲ. ಅದಕ್ಕೆ ಮೊದಲು ಎರಡೇ ಗೆಡ್ಡೆ ಇಟ್ಟು, ನೀರು ಎಷ್ಟು ಹಾಕಿದರೆ ಕೆಲವು ಕೊಳೆತು ಕೆಲವು ಉಳಿಯುತ್ತವೆ ಅಂತ ಒಂದೆರಡು ವಾರ ನೋಡಿಕೊಳ್ಳಬೇಕು. ಎಲ್ಲ ಸೇರಿ ಒಂದು ತಿಂಗಳು ಬೇಕು. ಪ್ರದರ್ಶನಕ್ಕೆ ಎಂಟೇ ದಿನ ಇದ್ದರೆ ಈ ವಿಷಯ ಬೇಡ ಅಂತ ನೇರವಾಗಿ ಹೇಳಿಬಿಡಿ.

ಫಲಿತಾಂಶಕ್ಕೆ ಎರಡು ಸಂಖ್ಯೆ ಸಾಕು. ಬೂದಿಯದ್ದು ಒಂದು, ಬರೀದು ಎಂಟು ಕೊಳೆತಿದ್ದರೆ ‘ನನ್ನ ಟಬ್‌ಗಳಲ್ಲಿ ಬೂದಿಯಿಂದ ಪ್ರಯೋಜನ ಕಂಡಿತು’ ಅನ್ನಬಹುದು. ಮೂರು, ಐದು ಆಗಿದ್ದರೆ ಅದು ಸುಮ್ನೆ ಆಕಸ್ಮಿಕವಾಗಿ ಬಂದ ವ್ಯತ್ಯಾಸ ಇರಬಹುದು, ಇನ್ನೂ ಹೆಚ್ಚು ಗೆಡ್ಡೆ ಬೇಕು ಅನ್ನಬೇಕು. ಬೂದಿಯದ್ದೇ ಜಾಸ್ತಿ ಕೊಳೆತಿದ್ದರೂ ಹಾಗೇ ಬರೆಯಬೇಕು. ಆಗ ಹುಡುಗಿ ಅಳುತ್ತಾಳೆ, ವಿಷಯ ಬದಲಾಯಿಸೋಣ ಅನ್ನುತ್ತಾಳೆ. ಬೇಡ ಅನ್ನಿ. ಹೊಲದಲ್ಲೂ ಹೀಗೇ ಆಗುತ್ತೆ ಅಂತ ಮಾತ್ರ ಇದರಿಂದ ಹೇಳೋ ಹಾಗಿಲ್ಲ. ಹೊಲದ ಮಣ್ಣು, ಮಳೆ ಬೇರೆ.

ನಮ್ಮ ರೈತರು ಹಚ್ಚುವ ಶಿಲೀಂಧ್ರನಾಶಕ ಪುಡಿಯನ್ನೂ ಹೋಲಿಸೋಣ ಅಂತ ಮಕ್ಕಳು ಹೊರಡುತ್ತಾರೆ. ಆ ಪುಡಿ ಶಾಲೆಗೆ ಬರಬಾರದು. ಈ ಒಂದು ಸಾಲನ್ನು ಗಟ್ಟಿಯಾಗಿ ಓದಿ. ಬೂದಿಯೂ ಸೌದೆಯದ್ದೇ ಇರಲಿ, ಕಸ ಸುಟ್ಟದ್ದು ಬೇಡ.

ಇನ್ನು ಬರವಣಿಗೆಯ ವಿಷಯ. ನನ್ನ ಮೊದಲ ರೇಡಿಯೊ ಮಾತಿನಲ್ಲಿ ನಾನು ‘ಮೇಲಿನ ಕೋಷ್ಟಕದಲ್ಲಿ ನೋಡಿದಂತೆ’ ಅಂತ ಓದಿಬಿಟ್ಟೆ. ಪಾಠದ ನೋಟ್ಸಿನಿಂದ ಇಳಿಸಿದ ಸಾಲು. ಗಾಜಿನ ಆಚೆ ಕೂತವರು ತಲೆ ಮೇಲೆ ಕೈ ಇಟ್ಟುಕೊಂಡಾಗಲೂ ನನಗೆ ತಿಳಿಯಲಿಲ್ಲ. ಹಾಳೆ ತಿರುಗಿಸಿದ ಸರಪರ ಸದ್ದೂ ಪೂರ್ತಿ ಕೇಳಿಸಿತ್ತು. ಹಾಳೆಯ ಒಂದೇ ಬದಿಗೆ ಬರೆಯಿರಿ, ಪಿನ್ ಹೊಡೆಯಬೇಡಿ. ಓದಿದ ಹಾಳೆಯನ್ನು ಎತ್ತದೆ ಪಕ್ಕಕ್ಕೆ ಜಾರಿಸಿ. ವಾಕ್ಯ ಹಾಳೆಯ ಕೊನೆಗೇ ಮುಗಿಯಲಿ. ನಾನು ನಿಮಿಷಕ್ಕೆ ಸುಮಾರು 90 ಪದ ಓದುತ್ತೇನೆ. ನಿಮ್ಮದನ್ನು ಗಡಿಯಾರ ಇಟ್ಟುಕೊಂಡು ನೋಡಿ. ಒಂದು ವಾಕ್ಯದಲ್ಲಿ ಒಂದೇ ಸಂಖ್ಯೆ ಬರಲಿ. ‘ಅದು’, ‘ಇದು’, ‘ಮೊದಲನೆಯದು’ ಅನ್ನೋ ಬದಲು ಪ್ರತಿ ಸಲವೂ ‘ಬೂದಿ ಟಬ್’, ‘ಬರೀ ಟಬ್’ ಅಂತಲೇ ಹೇಳಿ. ಕಾಗದದ ಮೇಲೆ ಬೇಸರ ಅನ್ನಿಸುತ್ತೆ, ಕಿವಿಗೆ ಅದೇ ಹಿತ.

ಕೊನೆಯ ಎರಡು ನಿಮಿಷ ಮಕ್ಕಳ ಕೈಗೆ ಪೆನ್ಸಿಲ್ ಕೊಡಿ. “ನಿಮ್ಮ ಮನೇಲಿ ಅಜ್ಜಿ, ಅಪ್ಪ ‘ಹೀಗೆ ಮಾಡಿದರೆ ಹಾಗಾಗುತ್ತೆ’ ಅಂತ ಹೇಳಿದ ಒಂದು ಮಾತು ಬರೆಯಿರಿ. ಅದರ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ. ಈಗ ಹೇಳಿ, ಏನನ್ನು ಎಣಿಸುತ್ತೀರಿ?” ಅವರು ಬರೆಯುವಾಗ ಸುಮ್ಮನೆ ಕೂರಬೇಡಿ. ಹತ್ತು ಸೆಕೆಂಡ್ ಸದ್ದಿಲ್ಲದಿದ್ದರೆ ರೇಡಿಯೊ ಕೆಟ್ಟಿತು ಅಂದುಕೊಂಡು ಯಾರಾದರೂ ಎದ್ದು ತಟ್ಟುತ್ತಾರೆ. ಅದೇ ಸಾಲನ್ನು ನಿಧಾನವಾಗಿ ಇನ್ನೊಮ್ಮೆ ಓದಿ.

ಧ್ವನಿಮುದ್ರಣಕ್ಕೆ ಹೋಗುವ ಮುಂಚೆ ಎಂಟನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಕೂರಿಸಿ. ನೀವು ಬಾಗಿಲ ಆಚೆ ನಿಂತು ಓದಿ, ನಿಮ್ಮ ಮುಖ, ಕೈ ಅವರಿಗೆ ಕಾಣಬಾರದು. ಮುಗಿದ ಮೇಲೆ ಅವರು ಬರೆದದ್ದು ನೋಡಿ. ‘ಅರಿಶಿನದ ಮಹತ್ವ’ ಅಂತ ಇಬ್ಬರು ಬರೆದಿದ್ದರೆ, ಆ ಹುಡುಗಿ ಮೂರು ಸಲ ವಿಷಯ ಬದಲಾಯಿಸಿದ ಭಾಗವನ್ನು ಇನ್ನೊಮ್ಮೆ ಬರೆಯಿರಿ.