ಹೊಂದಿಸಿ ಬರೆಯಿರಿ: ಯಾವ ಜೋಡಿಯಿಂದ ಶುರು ಮಾಡಬೇಕು?

"ಸ್ಥಳೀಯ ಮಾರುತಗಳಲ್ಲಿ ಚಿನೂಕ್ ಒಂದು ಖಚಿತವಾಗಿ ಗೊತ್ತಿತ್ತು. ಆದರೂ ಮೂರು ಆಯ್ಕೆ ಉಳಿದೇಬಿಟ್ಟವು. ಒಂದು ಜೋಡಿ ಸಾಕು ಅನ್ನುತ್ತಾರಲ್ಲ, ಹೇಗೆ?"

ಸಾಕು, ಆದರೆ ಯಾವ ಜೋಡಿ ಎಂಬುದನ್ನು ಆಯ್ಕೆಗಳೇ ಹೇಳುತ್ತವೆ. ಒಂದು ಮಾದರಿ ನೋಡಿ. ಚಿನೂಕ್, ಮಿಸ್ಟ್ರಲ್, ಸಿರೊಕ್ಕೊ, ಫೋನ್ ಇದೇ ಕ್ರಮದಲ್ಲಿವೆ. ಎದುರಿಗೆ 1 ಆಲ್ಪ್ಸ್, 2 ಸಹಾರಾದಿಂದ ಮೆಡಿಟರೇನಿಯನ್ ಕಡೆಗೆ, 3 ರಾಕಿ ಪರ್ವತಗಳು, 4 ರೋನ್ ಕಣಿವೆ.

ಎ) 3-4-2-1
ಬಿ) 3-2-4-1
ಸಿ) 3-1-2-4
ಡಿ) 1-3-2-4

ಸಾಲಾಗಿ ಓದಬೇಡಿ, ಮೇಲಿನಿಂದ ಕೆಳಕ್ಕೆ ಓದಿ. ಚಿನೂಕ್‌ಗೆ ಮೂರು ಕಡೆ 3 ಇದೆ; ಅದು ಗೊತ್ತಿದ್ದರೂ ಹೋಗುವುದು ಡಿ ಮಾತ್ರ. ಫೋನ್ ಎರಡನ್ನು ತೆಗೆಯುತ್ತದೆ. ಮಿಸ್ಟ್ರಲ್ ಕೆಳಗೆ 4, 2, 1, 3 ಎಂದು ನಾಲ್ಕೂ ಬೇರೆ ಬೇರೆ. ಅದು ಫ್ರಾನ್ಸಿನ ರೋನ್ ಕಣಿವೆಯಲ್ಲಿ ಉತ್ತರದಿಂದ ಬೀಸುವ ಶೀತ, ಒಣ ಗಾಳಿ ಎಂದು ತಿಳಿದಿದ್ದರೆ ಎ ಉತ್ತರ, ಉಳಿದ ಮೂರನ್ನು ಮುಟ್ಟಬೇಕಿಲ್ಲ.

ಮಿಸ್ಟ್ರಲ್ ನೆನಪಿಲ್ಲವೇ? ಚಿನೂಕ್, ಸಿರೊಕ್ಕೊ ಸೇರಿದರೆ ಎ ಮತ್ತು ಸಿ ಉಳಿಯುತ್ತವೆ. ಆಗ ಫೋನ್ ಪರ್ವತದಿಂದ ಇಳಿಯುತ್ತಾ ಬಿಸಿಯಾಗುವ ಗಾಳಿ ಎಂಬುದೊಂದೇ ಸಾಕು, ಅದು ಆಲ್ಪ್ಸ್‌ಗೇ ಸೇರಬೇಕು.

ಎಡವುವುದು ಅವಳಿ ಜೋಡಿಗಳಲ್ಲಿ. ಚಿನೂಕ್, ಫೋನ್ ಎರಡೂ ಇಳಿಜಾರಿನ ಬಿಸಿ, ಒಣ ಗಾಳಿಗಳೇ. "ಪರ್ವತದ ಬಿಸಿಗಾಳಿ" ಎಂದಷ್ಟೇ ನೆನಪಿದ್ದರೆ ಅದು ಖಚಿತ ಜೋಡಿಯಲ್ಲ. ಅಂಥ ಅರ್ಧ ನೆನಪಿನಿಂದ ಶುರು ಮಾಡಿದರೆ ಮೊದಲ ಹೊಡೆತಕ್ಕೇ ಸರಿಯುತ್ತರ ಹೋಗಬಹುದು.