‘ಅದರ್ಸ್’ ಒತ್ತುವ ಫಿಟ್ಟರ್‌ಗೆ ಎಷ್ಟು ಮಾರ್ಕ್ಸು?

ಸಂಪಾದಕರೇ, ನಾನು ಒಂದು ಕಾರ್ಖಾನೆಯ ಮೇಂಟೆನೆನ್ಸ್ ಮ್ಯಾನೇಜರ್, ವಯಸ್ಸು 34. ನಮ್ಮ ಹಿರಿಯ ಫಿಟ್ಟರ್ 30 ವರ್ಷ ಸರ್ವಿಸ್ ಮುಗಿಸಿ ಮುಂದಿನ ವರ್ಷ ರಿಟೈರ್ ಆಗುತ್ತಾರೆ. ಮೆಷಿನ್ ಕೆಟ್ಟರೆ ಎಲ್ಲರೂ ಕರೆಯುವುದು ಅವರನ್ನೇ. ಆದರೆ ಹೊಸ ಸಾಫ್ಟ್‌ವೇರಿನಲ್ಲಿ ಅವರ ಎಂಟ್ರಿಗಳು ತಡ, ಅರ್ಧಂಬರ್ಧ. ಅಪ್ರೈಸಲ್‌ನಲ್ಲಿ ಕಮ್ಮಿ ಕೊಡಲು ಮನಸ್ಸು ಬರಲ್ಲ, ಜಾಸ್ತಿ ಕೊಟ್ಟರೆ ಹುಡುಗರು ಕೇಳುತ್ತಾರೆ. ಏನು ಮಾಡಲಿ?
— ಒಬ್ಬ ಓದುಗ, ಪೀಣ್ಯ

ಫಾರಂ ಮುಟ್ಟುವ ಮೊದಲು ಅವರ ಮೂರು ತಿಂಗಳ ಎಂಟ್ರಿಗಳನ್ನು ಪ್ರಿಂಟ್ ತೆಗೆಯಿರಿ. ಅವರ ಪಕ್ಕ ಕೂತು ಒಂದೊಂದನ್ನೇ ತೋರಿಸಿ, ‘ಅವತ್ತು ಏನಾಗಿತ್ತು?’ ಅಂತ ಕೇಳಿ.

ಪಂಪಿನ ಉದಾಹರಣೆ ತಗೊಳ್ಳಿ. ಬೇರಿಂಗ್ ಹೋಗಿದೆ. ಸ್ಕ್ರೀನಿನಲ್ಲಿ ‘ಬೇರಿಂಗ್ ಫೇಲ್’ ಅಂತ ಆಯ್ಕೆ ಇದೆ. ಹುಡುಗ ಅದನ್ನು ಒತ್ತಿ, ಹೊಸ ಬೇರಿಂಗ್ ಹಾಕಿ ಎರಡೇ ನಿಮಿಷದಲ್ಲಿ ಎಂಟ್ರಿ ಮುಗಿಸುತ್ತಾನೆ. ಹಿರಿಯರು ಉದ್ದನೆಯ ಸ್ಕ್ರೂಡ್ರೈವರ್ ತುದಿಯನ್ನು ಬೇರಿಂಗ್ ಹೌಸಿಂಗಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಾರೆ. ಆಮೇಲೆ ಕಪ್ಲಿಂಗ್ ನೋಡುತ್ತಾರೆ. ಮೋಟಾರು, ಪಂಪು ಒಂದೇ ಗೆರೆಯಲ್ಲಿಲ್ಲ, ಅದಕ್ಕೇ ಬೇರಿಂಗ್ ಮತ್ತೆ ಮತ್ತೆ ಸವೆದು ಹೋಗುತ್ತಿದೆ. ಪಟ್ಟಿಯಲ್ಲಿ ಈ ಕಾರಣವೇ ಇಲ್ಲದಿದ್ದರೆ ಅವರು ‘ಅದರ್ಸ್’ ಒತ್ತದೆ ಇನ್ನೇನು ಒತ್ತಬೇಕು? ಸಾಫ್ಟ್‌ವೇರಿನಲ್ಲಿ ಹುಡುಗನ ದಾಖಲೆ ಚೊಕ್ಕ, ಇವರದು ಅರ್ಧಂಬರ್ಧ. ಇಂಥವಕ್ಕೆ ಅವರ ಮಾರ್ಕ್ಸು ಕಳೆಯಬೇಡಿ, ಪಟ್ಟಿ ತಿದ್ದಿಸಿ.

ಇನ್ನೊಂದು ಬಗೆಯ ತಪ್ಪು ಬೇರೆ. ಬಳಸಿದ ಸ್ಪೇರ್ ಎಂಟ್ರಿ ಮಾಡದಿದ್ದರೆ ಸ್ಟೋರ್ಸ್ ಲೆಕ್ಕದಲ್ಲಿ ಮಾಲು ಇರುತ್ತೆ, ರ‍್ಯಾಕಿನಲ್ಲಿ ಇರಲ್ಲ. ರಾತ್ರಿ ಪಾಳಿಯವರು ಪರದಾಡುತ್ತಾರೆ. ಅಪಾಯದ ಕೆಲಸಕ್ಕೆ ಮೊದಲು ಪಡೆಯುವ ವರ್ಕ್ ಪರ್ಮಿಟ್ ಸಾಫ್ಟ್‌ವೇರಿನಲ್ಲಿದ್ದರೆ ಅದು ಜೀವದ ಪ್ರಶ್ನೆ. ಇಲ್ಲಿ ಅನುಭವದ ಹೆಸರಲ್ಲಿ ರಿಯಾಯಿತಿ ಬೇಡ. ಆ ಕಾಲಂನಲ್ಲಿ ಕಮ್ಮಿ ಕೊಡಿ, ಕಾರಣ ಬರೆಯಿರಿ: ‘ಇಂತಿಷ್ಟು ರಿಪೇರಿಯಲ್ಲಿ ಇಂತಿಷ್ಟಕ್ಕೆ ಸ್ಪೇರ್ ಎಂಟ್ರಿ ಇಲ್ಲ.’ ‘ಕಂಪ್ಯೂಟರ್ ಬರಲ್ಲ’ ಅಂತ ಬರೆಯಬೇಡಿ.

ಆದರೆ ಆ ಸಿಟ್ಟನ್ನು ಬೇರೆ ಕಾಲಂಗೆ ದಾಟಿಸಬೇಡಿ. ಒಂದು ಕಡೆ ಕಮ್ಮಿ ಕೊಟ್ಟ ಕೈ ‘ಕಲಿಯುವ ಆಸಕ್ತಿ’, ‘ಶಿಸ್ತು’ ಎಲ್ಲದಕ್ಕೂ ಕಮ್ಮಿಯನ್ನೇ ಹಾಕುತ್ತಾ ಹೋಗುತ್ತೆ. ರಿಪೇರಿ ಕಾಲಂಗೆ ಒಂದೇ ಅಳತೆ ಇಡಿ: ಇವರು ಮುಟ್ಟಿದ ಮೆಷಿನ್ ಅದೇ ದೋಷಕ್ಕೆ ಮತ್ತೆ ಎಷ್ಟು ಸಲ ನಿಂತಿದೆ? ಹುಡುಗರನ್ನೂ ಅದರಲ್ಲೇ ಅಳೆಯಿರಿ. ಆಗ ಅವರು ಕೇಳಿದರೆ ಲೆಕ್ಕ ತೋರಿಸಬಹುದು.

‘ಹೇಗೂ ಹೋಗುವವರು, ಇಂಕ್ರಿಮೆಂಟ್ ಯಾಕೆ’ ಅನ್ನುವವರು ಇರುತ್ತಾರೆ. ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ಸಂಬಳದ ಮೇಲೆ: ಬೇಸಿಕ್ ಮತ್ತು ಡಿಎ ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸರ್ವಿಸ್ ವರ್ಷಗಳಿಂದ ಗುಣಿಸಬೇಕು. ಈ ಸಲ ಬೇಸಿಕ್‌ನಲ್ಲಿ 1,000 ರೂಪಾಯಿ ತಪ್ಪಿದರೆ, 30 ವರ್ಷದವರಿಗೆ ಗ್ರಾಚ್ಯುಟಿಯಲ್ಲೇ ಸುಮಾರು 17,300 ರೂಪಾಯಿ ಖೋತಾ.

ಮುಂದಿನ ವರ್ಷದ ಗುರಿಯಾಗಿ ‘ಸಾಫ್ಟ್‌ವೇರ್ ಟ್ರೈನಿಂಗ್’ ಅಂತ ಸುಮ್ನೆ ಬರೆಯಬೇಡಿ. ಪ್ರತಿ ದೊಡ್ಡ ರಿಪೇರಿಗೂ ಒಬ್ಬ ಹುಡುಗ ಜೊತೆಗಿರಲಿ. ಅವರು ಹೇಳಲಿ, ಅವನು ಟೈಪ್ ಮಾಡಲಿ, ‘ಹೇಗೆ ಗೊತ್ತಾಯ್ತು ಸರ್?’ ಅಂತ ಕೇಳಿ ಅದನ್ನೂ ಹಾಕಲಿ. ಸ್ಪೇರ್ ಎಂಟ್ರಿ ಮಾತ್ರ ಅವರೇ ಮಾಡಲಿ, ಅಷ್ಟನ್ನು ಕಲಿತೇ ಕಲಿಯುತ್ತಾರೆ. ಅಂದಹಾಗೆ, ರಿಮಾರ್ಕ್ಸ್ ಬಾಕ್ಸ್ ಕನ್ನಡ ಅಕ್ಷರ ತಗೊಳ್ಳುತ್ತಾ ಅಂತ ಮೊದಲು ನೀವೇ ಒಂದು ಸಾಲು ಟೈಪ್ ಮಾಡಿ ನೋಡಿ.